ಪಂಚಮಿ ಪೋಸ್ಟರ್‌ನಲ್ಲಿ ಹಾವು ಯಾಕೆ ಬಂತು: ನವನಗರದ ಒಂದು ಟೇಲರ್ ಅಂಗಡಿಯ ಪ್ರಕರಣ

ಬಾಗಲಕೋಟೆ ನವನಗರದಲ್ಲಿ ನನ್ನ ಡಿಟಿಪಿ ಅಂಗಡಿಯ ಸಾಲಿನಲ್ಲೇ ಒಂದು ಲೇಡೀಸ್ ಟೇಲರ್ ಅಂಗಡಿ ಇದೆ. ನಡೆಸುವವರು ಒಬ್ಬ ಅಕ್ಕ, ಜೊತೆಗೆ ಹುಕ್ಕು, ಕಾಜಾ ಹಾಕಲು ಒಬ್ಬ ಹುಡುಗಿ. ಎಲ್ಲ ಥರದ ಬ್ಲೌಸ್ ಹೊಲಿಯುತ್ತಾರೆ. ಆದರೆ ಜನ ಹುಡುಕಿಕೊಂಡು ಬರುವುದು ಖಣದ ಕುಪ್ಪಸಕ್ಕೆ. ಗುಳೇದಗುಡ್ಡದ ಖಣದ ಬಟ್ಟೆ ಅಗಲದಲ್ಲಿ ಚಿಕ್ಕದು, ಎರಡೂ ಕಡೆ ದಡಿ ಇರುತ್ತದೆ. ಆ ದಡಿ ತೋಳಿನ ಅಂಚಿಗೆ ಸರಿಯಾಗಿ ಬಂದು ಕೂರಬೇಕು, ಎರಡು ತೋಳಿನ ಬುಟ್ಟಾ ಸಾಲು ಒಂದೇ ಎತ್ತರಕ್ಕೆ ಬರಬೇಕು. ಅದನ್ನು ಕತ್ತರಿಸುವಾಗಲೇ ಲೆಕ್ಕ ಹಾಕಬೇಕಾಗುತ್ತದೆ.

ಶ್ರಾವಣ ಬಂತು ಅಂದರೆ ನಾಗರಪಂಚಮಿ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಎಲ್ಲರೂ ಕೊನೆಯ ವಾರದಲ್ಲಿ ಬಟ್ಟೆ ತಂದು ಕೊಡುತ್ತಾರೆ. "ಪಂಚಮಿಗೆ ಮೊದಲೇ ತಂದು ಕೊಡಿ" ಅಂತ ಹೇಳುವ ಒಂದು ಪೋಸ್ಟರ್ ಅಂಗಡಿ ಬಾಗಿಲಿಗೆ, ಅದೇ ಚಿತ್ರ ವಾಟ್ಸಾಪ್ ಸ್ಟೇಟಸ್‌ಗೆ. ಅಕ್ಕನಿಗೆ ಬೇಕಾಗಿದ್ದು ಇಷ್ಟೇ. ಫೋನಿನಲ್ಲಿ ಮಾತು ಬರೆದರೆ ಚಿತ್ರ ಮಾಡಿಕೊಡುವ ಆ್ಯಪ್ ಮಗಳು ಹಾಕಿಕೊಟ್ಟಿದ್ದಳು, ಕನ್ನಡದಲ್ಲೇ ಬರೆದರೂ ತಗೊಳ್ಳುತ್ತದೆ. ಅಕ್ಕ ಮೊದಲು ಬರೆದದ್ದು ಹೀಗೆ:

"ನಾಗರಪಂಚಮಿ ಹಬ್ಬಕ್ಕೆ ನಮ್ಮ ಟೇಲರ್ ಅಂಗಡಿಯ ಚೆಂದನೆಯ ಪೋಸ್ಟರ್. ಇಳಕಲ್ ಸೀರೆ ಉಟ್ಟ ಹೆಣ್ಣುಮಗಳು, ಖಣದ ಕುಪ್ಪಸ."

ಬಂದ ಚಿತ್ರದ ನಟ್ಟನಡುವೆ ಹೆಡೆ ಎತ್ತಿದ ದೊಡ್ಡ ನಾಗರಹಾವು. ಅದರ ಪಕ್ಕ ಮೈತುಂಬ ಬಂಗಾರ ಹಾಕಿಕೊಂಡ ಮದುಮಗಳು, ಜರಿ ತುಂಬಿದ ರೇಷ್ಮೆ ಸೀರೆ, ಕಸೂತಿ ತುಂಬಿದ ಅರ್ಧ ಬೆನ್ನಿನ ಬ್ಲೌಸ್. ಮೇಲೆ ಅಕ್ಷರಗಳು. ದೂರದಿಂದ ನೋಡಿದರೆ ಕನ್ನಡ, ಹತ್ತಿರ ಬಂದರೆ ಯಾವ ಅಕ್ಷರವೂ ಅಲ್ಲ. ಅಕ್ಕ ಫೋನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಈ ಪ್ರಕರಣ ಶುರುವಾಗಿದ್ದು ಅಲ್ಲಿಂದ.

ಇಂಥ ಆ್ಯಪ್‌ಗಳು ಕಲಿತಿರುವುದು ಕೋಟಿಗಟ್ಟಲೆ ಚಿತ್ರಗಳಿಂದ ಮತ್ತು ಆ ಚಿತ್ರಗಳ ಜೊತೆ ಬರೆದಿದ್ದ ಮಾತುಗಳಿಂದ. ಯಾವ ಮಾತಿನ ಜೊತೆ ಯಾವ ಥರದ ಚಿತ್ರ ಜಾಸ್ತಿ ಇತ್ತೋ ಅದೇ ಹೊರಗೆ ಬರುತ್ತದೆ. ಪಂಚಮಿ ಅಂದರೆ ನಮಗೆ ಜೋಕಾಲಿ, ಅರಳಿನ ಉಂಡಿ, ತವರಿನ ಅಂಗಳ. ಆ್ಯಪ್ ನೋಡಿರುವ ಪಂಚಮಿ ಚಿತ್ರಗಳಲ್ಲಿ ಹೆಚ್ಚಾಗಿ ಇದ್ದದ್ದು ಹಾವು. ಸೀರೆ ಉಟ್ಟ ಹೆಣ್ಣುಮಗಳು ಅಂದರೆ ಅದು ನೋಡಿದ್ದು ಹೆಚ್ಚಾಗಿ ಮದುವೆ ಫೋಟೊ, ಜಾಹೀರಾತು. ಇಳಕಲ್, ಖಣ ಅನ್ನುವ ಮಾತಿನ ಚಿತ್ರಗಳು ಅದರ ಪಾಲಿಗೆ ತೀರಾ ಕಡಿಮೆ. ಹಾಗಾಗಿ ಆ ಮಾತು ಕಿವಿಗೆ ಬಿದ್ದರೂ ಕೈಗೆ ಬರುವುದು ಯಾವುದೋ ರೇಷ್ಮೆ ಸೀರೆ. "ಚೆಂದನೆಯ" ಅನ್ನುವ ಮಾತಂತೂ ಇನ್ನೂ ಕೆಡಿಸುತ್ತದೆ. ಅದಕ್ಕೆ ಚೆಂದ ಅಂದರೆ ಎಲ್ಲದರ ಮೇಲೂ ಒಂದು ಬಂಗಾರದ ಹೊಳಪು.

ಅಕ್ಕ ಕೂಡಲೇ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅದೇ ಮಾತಿನ ಕೊನೆಗೆ "ಹಾವು ಬೇಡ" ಅಂತ ಸೇರಿಸಿದರು.

"ತಮ್ಮಾ, ಬ್ಯಾಡ ಅಂದ್ರ ಎರಡು ಹಾವು ಬಂದಾವಲ್ಲೋ!"

ಇದು ಆ್ಯಪ್ ಹಟ ಮಾಡಿದ್ದಲ್ಲ. ಚಿತ್ರದ ಕೆಳಗೆ ಬರೆಯುವವರು ಅದರಲ್ಲಿ ಏನಿದೆ ಅಂತ ಬರೆಯುತ್ತಾರೆಯೇ ಹೊರತು ಏನಿಲ್ಲ ಅಂತ ಬರೆಯುವುದು ತೀರಾ ಕಡಿಮೆ. ಹಾಗಾಗಿ "ಬೇಡ", "ಇಲ್ಲದ" ಅನ್ನುವುದು ಅದಕ್ಕೆ ಸರಿಯಾಗಿ ಅಭ್ಯಾಸವಾಗಿಲ್ಲ. "ಹಾವು" ಅನ್ನುವುದು ಮಾತ್ರ ಜೋರಾಗಿ ಕೇಳುತ್ತದೆ. ಕೆಲವು ಆ್ಯಪ್‌ಗಳಲ್ಲಿ ಬೇಡದ್ದನ್ನು ಬರೆಯಲು ಬೇರೆ ಜಾಗವೇ ಇರುತ್ತದೆ, ಹೊಸ ಆ್ಯಪ್‌ಗಳು ಮೊದಲಿಗಿಂತ ಚೆನ್ನಾಗಿ ತಿಳಿದುಕೊಳ್ಳುತ್ತವೆ, ನಿಜ. ಆದರೆ ಯಾವ ಆ್ಯಪ್‌ನಲ್ಲೂ ನಡೆಯುವ ದಾರಿ ಅಂದರೆ ಬೇಡದ್ದರ ಹೆಸರನ್ನೇ ಎತ್ತದೆ, ಆ ಜಾಗದಲ್ಲಿ ಏನಿರಬೇಕು ಅಂತ ಹೇಳುವುದು.

ಹಾಗಾಗಿ ನಾವು ಮೊದಲು "ನಾಗರಪಂಚಮಿ" ತೆಗೆದೆವು. ಹಬ್ಬದ ಹೆಸರು ಪೋಸ್ಟರ್ ಮೇಲಿನ ಅಕ್ಷರದಲ್ಲಿ ಇದ್ದರೆ ಸಾಕು, ಚಿತ್ರಕ್ಕೆ ಬೇಕಾಗಿದ್ದು ಹಬ್ಬದ ದಿನ ಕಣ್ಣಿಗೆ ಬೀಳುವುದು. ಅಕ್ಕನನ್ನು ಕೇಳಿದೆ: "ಅಕ್ಕಾರ, ನೀವು ಸಣ್ಣವರಿದ್ದಾಗ ಪಂಚಮಿ ದಿನ ಅಂಗಳದಾಗ ನಿಂತ್ರ ಏನ್ ಕಾಣ್ತಿತ್ತು?" ಬೇವಿನ ಮರ, ದಪ್ಪ ಟೊಂಗೆಗೆ ಕಟ್ಟಿದ ಹಗ್ಗ, ಕೂರಲು ಒಂದು ಹಲಗೆ, ಮಳೆ ಬಿದ್ದು ಒದ್ದೆಯಾದ ನೆಲ, ಸ್ಟೀಲ್ ತಾಟಿನಲ್ಲಿ ಉಂಡಿ. ಇದನ್ನೆಲ್ಲ ಹಾಗೆ ಹಾಗೆಯೇ ಬರೆದರು. ಹಾವು ಹೋಯಿತು.

"ಪೋಸ್ಟರ್" ಅನ್ನುವ ಮಾತನ್ನೂ ತೆಗೆಸಿದೆ. ಪೋಸ್ಟರ್ ಅಂದ ಕೂಡಲೇ ಆ್ಯಪ್ ಮೇಲೆ ಕೆಳಗೆ ಅಕ್ಷರ ತುಂಬುತ್ತದೆ, ಸುತ್ತ ಹೂಬಳ್ಳಿ ಚೌಕಟ್ಟು ಹಾಕುತ್ತದೆ, ಯಾಕೆಂದರೆ ಅದು ನೋಡಿರುವ ಪೋಸ್ಟರ್‌ಗಳು ಹಾಗೇ ಇದ್ದವು. ನಮಗೆ ಬೇಕಾಗಿದ್ದು ಒಂದು ಫೋಟೊದಂಥ ಚಿತ್ರ. ಅದರ ಮೇಲೆ ಅಕ್ಷರ ಕೂರಿಸಿದಾಗ ಅದು ಪೋಸ್ಟರ್ ಆಗುತ್ತದೆ, ಅದು ನನ್ನ ಕೆಲಸ. "ಪೋಸ್ಟರ್" ಹೋಗಿ "ಫೋಟೊ" ಬಂದ ಮೇಲೆ ಸುಳ್ಳು ಅಕ್ಷರಗಳೂ ನಿಂತವು.

ಇನ್ನು ಸೀರೆ. ಇದರಲ್ಲಿ ಅಕ್ಕನ ಕಸುಬೇ ಮೊದಲು ಅಡ್ಡ ಬಂತು, ಆಮೇಲೆ ಅದೇ ದಾರಿ ತೋರಿಸಿತು. "ದಡಿ 4 ಇಂಚು, ತೋಳು 9 ಇಂಚು" ಅಂತ ಬರೆದಿದ್ದರು. ಟೇಪು ಹಿಡಿದವರಿಗೆ ಇದಕ್ಕಿಂತ ಸ್ಪಷ್ಟ ಮಾತಿಲ್ಲ. ಆದರೆ ಆ್ಯಪ್‌ಗೆ ಇಂಚು ಅಂದರೆ ಏನೂ ಅಲ್ಲ. ಚಿತ್ರದಲ್ಲಿರುವ ಹೆಂಗಸು ಎಷ್ಟು ಎತ್ತರ ಅಂತಲೇ ಅದಕ್ಕೆ ಗೊತ್ತಿರುವುದಿಲ್ಲ, ಒಂದು ಇಂಚು ಅಂದರೆ ಎಷ್ಟು ಅಂತ ಎಲ್ಲಿಂದ ಅಳೆಯಬೇಕು? 4 ಅಂದರೂ 2 ಅಂದರೂ ದಡಿ ಅಷ್ಟೇ ಅಗಲ ಬರುತ್ತಿತ್ತು. ಗಿರಾಕಿಯನ್ನು ಕಣ್ಣಿಂದ ನೋಡದ, ಕೈಯಲ್ಲಿ ಟೇಪೂ ಇಲ್ಲದ ಒಬ್ಬ ಕಟಿಂಗ್ ಮಾಸ್ಟರ್‌ಗೆ ಹೇಳಿಕಳಿಸಿದ ಹಾಗೆ ಹೇಳಬೇಕು ಅಂದೆ. ಅಕ್ಕನಿಗೆ ಅದು ತಟ್ಟನೆ ಹೊಳೆಯಿತು. ಮೈಮೇಲೆ ಇರುವುದನ್ನೇ ಅಳತೆ ಮಾಡಿಕೊಂಡರು. ತೋಳು ಮೊಣಕೈಗಿಂತ ಸ್ವಲ್ಪ ಮೇಲೆ ನಿಲ್ಲಬೇಕು. ದಡಿ ಅಂಗೈ ಅಗಲ ಇರಬೇಕು. ಸೀರೆ ಪಾದದ ಗೆಣ್ಣು ಮುಟ್ಟಬೇಕು. ಈ ಮಾತುಗಳಿಗೆ ಚಿತ್ರ ಬದಲಾಯಿತು, ಯಾಕೆಂದರೆ ಮೊಣಕೈ, ಅಂಗೈ, ಪಾದ ಮೂರೂ ಚಿತ್ರದೊಳಗೇ ಇವೆ.

ಹೆಸರನ್ನು ಬಿಟ್ಟು ಕಾಣುವುದನ್ನು ಹೇಳುವ ಕೆಲಸವೂ ಇಲ್ಲಿಯೇ ಹೆಚ್ಚು. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸು ಎಳೆಗಳನ್ನೂ ಬೇರೆ ಬೇರೆ ಮಾಡಿ ಕೊಂಡಿ ಹಾಕಿ ಜೋಡಿಸುತ್ತಾರೆ, ಅದೇ ಅದರ ಗುರುತು. ಆದರೆ ಕೊಂಡಿ ಅಂತ ಬರೆದು ಉಪಯೋಗವಿಲ್ಲ, ಜೋಡಿಸಿದ್ದು ಹೇಗೆ ಕಾಣುತ್ತದೆ ಅನ್ನುವುದನ್ನು ಬರೆಯಬೇಕು. ಅಕ್ಕ ಬರೆದದ್ದು: "ಒಡಲು ದಟ್ಟ ಹಸಿರು, ಮಂಕು ಮೈಯ ಹತ್ತಿ ಬಟ್ಟೆ, ಅದರಲ್ಲಿ ತೆಳು ಕಪ್ಪು ಗೆರೆಯ ಸಣ್ಣ ಚೌಕಡಿ. ದಡಿ ಕಡುಗೆಂಪು, ಅಂಗೈ ಅಗಲ, ಒಳಗೆ ತೆಳು ಹಳದಿ ಗೆರೆಗಳು. ಸೆರಗು ಕೆಂಪು, ಸ್ವಲ್ಪ ಹೊಳಪು, ಅದರಲ್ಲಿ ಬಿಳಿ ಬಣ್ಣದ ಗರಗಸದ ಹಲ್ಲಿನಂಥ ಸಾಲು." ಈ ಕೊನೆಯದು ಟೋಪ್ ತೆನಿ ಸೆರಗು. ಆ ಹೆಸರು ಬರೆದಾಗ ಏನೇನೋ ಬಂದಿತ್ತು. ಗರಗಸದ ಹಲ್ಲು ಅಂದ ಮೇಲೆ ಕೆಂಪಿನ ಮೇಲೆ ಬಿಳಿ ಮೊನೆಗಳು ಬಂದವು. ಪೂರ್ತಿ ಸರಿ ಅಲ್ಲ, ಹಲ್ಲುಗಳು ಒಂದೇ ಅಳತೆಯಲ್ಲಿ ಇರಲಿಲ್ಲ. ಆದರೆ ರಸ್ತೆಯಲ್ಲಿ ನಿಂತು ನೋಡುವ ನಮ್ಮ ಕಡೆಯವರು ಇಳಕಲ್ ಸೀರೆ ಅಂತ ಗುರುತು ಹಿಡಿಯುವಷ್ಟಿತ್ತು.

ಬಣ್ಣ ಕೆಟ್ಟದ್ದು ಬೆಳಕಿನಿಂದ. "ಸಂಜೆ ಬಿಸಿಲು" ಅಂತ ಬರೆದಿದ್ದರು, ಇಡೀ ಚಿತ್ರಕ್ಕೆ ಹಳದಿ ಬಡಿದು ದಟ್ಟ ಹಸಿರು ಕಂದು ಬಣ್ಣಕ್ಕೆ ತಿರುಗಿತ್ತು. ಬಟ್ಟೆಯ ಬಣ್ಣ ತೋರಿಸಬೇಕು ಅಂದರೆ ಮೋಡದ ಬೆಳಕೇ ಸರಿ. ಬಣ್ಣ ನೋಡಬೇಕಾದಾಗ ಟೇಲರ್‌ಗಳು ಬಟ್ಟೆಯನ್ನು ಬಾಗಿಲಿಗೆ ತಂದು ನೋಡುತ್ತಾರಲ್ವಾ, ಅದೇ ಕಾರಣ. "ಮಳೆ ನಿಂತ ಮೇಲಿನ ಮೋಡದ ಬೆಳಕು, ನೆರಳು ಮೆತ್ತಗೆ" ಅಂತ ಬದಲಾಯಿಸಿದರು. ಹಸಿರು ಹಸಿರಾಯಿತು.

ಈ ಹೊತ್ತಿಗೆ ಅಕ್ಕ ಒಂದು ಪದ್ಧತಿ ಹಿಡಿದಿದ್ದರು, ಅದು ಈ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದದ್ದು. ಅಳತೆ ಬರೆಯುವ ಅದೇ ಉದ್ದ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಎಡಕ್ಕೆ ತಾವು ಬರೆದ ಮಾತು, ಬಲಕ್ಕೆ ಬಂದದ್ದರಲ್ಲಿ ಏನು ತಪ್ಪು. ಒಂದು ಸಲಕ್ಕೆ ಒಂದೇ ಮಾತು ಬದಲು. ಇದು ಯಾಕೆ ಮುಖ್ಯ ಅಂದರೆ, ಒಂದು ಅಕ್ಷರವೂ ಬದಲಿಸದೆ ಅದೇ ಮಾತು ಮತ್ತೆ ಕೊಟ್ಟರೂ ಈ ಆ್ಯಪ್‌ಗಳು ಬೇರೆ ಚಿತ್ರವನ್ನೇ ಕೊಡುತ್ತವೆ. ಹೆಚ್ಚಿನವು ಪ್ರತಿ ಸಲ ಹೊಸದಾಗಿ ಗೊತ್ತುಗುರಿಯಿಲ್ಲದ ಒಂದು ಚುಕ್ಕೆ ರಾಶಿಯಿಂದ ಶುರುಮಾಡುತ್ತವೆ. ಹಾಗಿರುವಾಗ ಸೀರೆ, ಮರ, ಬೆಳಕು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವ ಮಾತಿನಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ. ಒಂದೇ ಮಾತಿಗೆ ಬಂದ ಎರಡು ಮೂರು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟು ನೋಡಬೇಕು. ಎಲ್ಲದರಲ್ಲೂ ಅದೇ ತಪ್ಪು ಇದ್ದರೆ ತಪ್ಪು ಮಾತಿನಲ್ಲಿದೆ. ಒಂದರಲ್ಲಿ ಮಾತ್ರ ಇದ್ದರೆ ಸುಮ್ನೆ ಅದನ್ನು ಬಿಟ್ಟು ಇನ್ನೊಂದು ಆರಿಸಿಕೊಂಡರಾಯಿತು. ಜೋಕಾಲಿ ಹಗ್ಗದ ವಿಷಯ ಹೀಗೆ ಗೊತ್ತಾಯಿತು. ಹಲವು ಚಿತ್ರಗಳಲ್ಲಿ ಹಗ್ಗ ಮೇಲೆ ಹೋಗಿ ಎಲೆಗಳಲ್ಲಿ ಮಾಯ, ಯಾವ ಟೊಂಗೆಗೂ ಕಟ್ಟಿಲ್ಲ. "ಎರಡೂ ಹಗ್ಗ ಒಂದೇ ದಪ್ಪ ಟೊಂಗೆಗೆ ಸುತ್ತಿ ಗಂಟು ಹಾಕಿದೆ, ಗಂಟು ಕಾಣುತ್ತದೆ" ಅಂತ ಬರೆದ ಮೇಲೆ ಸರಿಹೋಯಿತು.

ಆದರೆ ಕುಪ್ಪಸ ಸರಿಹೋಗಲಿಲ್ಲ. ಇಲ್ಲಿ ಮಾತು ಎಷ್ಟು ತಿದ್ದಿದರೂ ಒಂದು ಗೋಡೆ ಇತ್ತು.

ನೋಡಲು ಚೆನ್ನಾಗಿಯೇ ಇತ್ತು, ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ. ಅಕ್ಕ ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ತೋರಿಸಿದರು. ತೋಳು ಮೈಗೆ ಸೇರುವ ಕಡೆ ಹೊಲಿಗೆಯೇ ಇಲ್ಲ, ಬುಟ್ಟಾ ಮೈಯಿಂದ ತೋಳಿಗೆ ಹಾಗೇ ಹರಿದು ಹೋಗಿದೆ. ಎಡ ತೋಳಿನ ದಡಿ ಎರಡು ಗೆರೆ, ಬಲ ತೋಳಿನದು ಮೂರು. ಎದೆಯ ಮೇಲೆ ಟಕ್ಸ್ ಮಡಿಕೆ ಇಲ್ಲದೆ ಬಟ್ಟೆ ಮೈಗೆ ಅಂಟಿದೆ. ಮುಂದಿನಿಂದ ತೋರಿಸಿದ ಚಿತ್ರದಲ್ಲೂ ಹುಕ್ಕಿನ ಪಟ್ಟಿ ಇಲ್ಲ, ಹಿಂದಿನಿಂದ ತೋರಿಸಿದ್ದರಲ್ಲೂ ಇಲ್ಲ.

"ಇದನ್ನ ತೊಡೂದು ಹೆಂಗ? ತಲಿ ಮ್ಯಾಲಿಂದ ಹಾಕ್ಕೊಳ್ಳಾಕೂ ಬರೂದಿಲ್ಲ. ನಾಳೆ ಯಾರರ ಬಂದು ಇಂಥಾದ್ದೇ ಹೊಲಿದು ಕೊಡ್ರಿ ಅಂದ್ರ ನಾ ಏನ್ ಹೇಳ್ಲಿ?"

ಈ ಪ್ರಶ್ನೆಗೆ ಉತ್ತರ ಸಿಗದೆ ಪೋಸ್ಟರ್ ಮುಂದೆ ಹೋಗಬಾರದು ಅಂತ ನನಗೂ ಅನ್ನಿಸಿತು. ಅಂಗಡಿ ಮಾರುವುದೇ ಹೊಲಿಗೆಯನ್ನು. ಹೊಲಿಯಲು ಆಗದ ಕುಪ್ಪಸವನ್ನು ಬಾಗಿಲಿಗೆ ಅಂಟಿಸಿದರೆ ಅದು ಗಿರಾಕಿಗೆ ಕೊಟ್ಟ ಸುಳ್ಳು ಮಾತು. ಆ್ಯಪ್‌ಗೆ ಬಟ್ಟೆಯ ಮೇಲ್ಮೈ ಗೊತ್ತು, ಬಟ್ಟೆಯನ್ನು ಕತ್ತರಿಸಿ ಜೋಡಿಸಿದ್ದಾರೆ ಅನ್ನುವುದು ಗೊತ್ತಿಲ್ಲ. ಹುಕ್ಕಿನ ಪಟ್ಟಿ ಬರೆ ಅಂದರೆ ಎಲ್ಲೋ ಒಂದು ಗುಂಡಿ ಸಾಲು ಇಡುತ್ತದೆ, ಅದು ತೆರೆಯುತ್ತದೆಯೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ.

ಅಕ್ಕನ ಮಗಳು ಇನ್ನೊಂದು ದಾರಿ ಹೇಳಿದಳು. ನಿಜವಾದ ಕುಪ್ಪಸದ ಫೋಟೊ ತೆಗೆದು ಆ್ಯಪ್‌ಗೆ ಕೊಟ್ಟು "ಇದನ್ನೇ ಈ ಹೆಂಗಸಿಗೆ ತೊಡಿಸು" ಅನ್ನುವುದು. ಅದನ್ನೂ ಮಾಡಿ ನೋಡಿದರು. ಮೊದಲ ನೋಟಕ್ಕೆ ಅದೇ ಕುಪ್ಪಸ. ಆದರೆ ಆ್ಯಪ್ ನಮ್ಮ ಫೋಟೊವನ್ನು ಕತ್ತರಿಸಿ ಅಂಟಿಸುವುದಿಲ್ಲ, ಅದನ್ನು ನೋಡಿಕೊಂಡು ಮತ್ತೆ ಹೊಸದಾಗಿ ಬರೆಯುತ್ತದೆ. ಹಾಗಾಗಿ ಸಣ್ಣವೆಲ್ಲ ಜಾರುತ್ತವೆ. ಪತ್ತೆ ಮಾಡುವುದು ಸುಲಭ. ತೋಳಿನ ಒಂದು ಸಾಲಿನಲ್ಲಿ ಎಷ್ಟು ಬುಟ್ಟಾ ಇವೆ ಅಂತ ಎರಡೂ ಚಿತ್ರದಲ್ಲಿ ಎಣಿಸಬೇಕು, ದಡಿಯ ಗೆರೆ ಎಣಿಸಬೇಕು. ಎರಡೂ ತಾಳೆಯಾಗಲಿಲ್ಲ.

ಅಲ್ಲಿಗೆ ಅಕ್ಕ ಕೆಲಸವನ್ನು ಎರಡು ಪಾಲು ಮಾಡಿದರು. ಅಂಗಳ, ಮರ, ಜೋಕಾಲಿ, ಮೋಡ ಆ್ಯಪ್‌ನಿಂದ. ಕುಪ್ಪಸ ತಮ್ಮ ಕೈಯದ್ದು, ನಿಜವಾದ ಫೋಟೊ. ಹಾಗಾದರೆ ಜೋಕಾಲಿ ಮೇಲೆ ಕೂತ ಹೆಂಗಸು ಏನು ತೊಟ್ಟಿರಬೇಕು? ಇದಕ್ಕೆ ಅಕ್ಕ ಕಂಡುಕೊಂಡ ಉಪಾಯ ಕಸುಬಿನವರಿಗೇ ಹೊಳೆಯುವಂಥದ್ದು. ಅವಳನ್ನು ಹಿಂದಿನಿಂದ ತೋರಿಸಿ, ಸೆರಗನ್ನು ತಲೆಯ ಮೇಲಿಂದ ಬೆನ್ನು ತುಂಬ ಇಳಿಬಿಟ್ಟರೆ ಕುಪ್ಪಸ ಕಾಣುವುದೇ ಇಲ್ಲ. ಮುಖವೂ ಕಾಣುವುದಿಲ್ಲ, ಹಾಗಾಗಿ ಇಲ್ಲದ ಗಿರಾಕಿಯೊಬ್ಬಳು ನಗುತ್ತಾ ನಿಂತ ಹಾಗೆ ಆಗುವುದಿಲ್ಲ. ಆ್ಯಪ್‌ಗಳು ಆಗಾಗ ಕೆಡಿಸುವ ಬೆರಳುಗಳೂ ಹಗ್ಗದ ಆಚೆ ಬದಿಗೆ ಹೋದವು. ಜೊತೆಗೆ ಕೆಂಪು ಸೆರಗೇ ಚಿತ್ರದ ನಡುವೆ ಎದ್ದು ಕಂಡಿತು.

ಉಳಿದದ್ದು ಜಾಗ. ಕುಪ್ಪಸದ ಫೋಟೊ, ಅಕ್ಷರ ಎರಡಕ್ಕೂ ಕೆಳಗೆ ಖಾಲಿ ಬೇಕಿತ್ತು. "ಕೆಳಗೆ ಖಾಲಿ ಬಿಡು" ಅಂದರೆ ಆ್ಯಪ್ ಅಲ್ಲಿ ಕೊಡ, ಹೂವು, ಕೋಳಿ ಏನಾದರೂ ತಂದು ತುಂಬುತ್ತಿತ್ತು. ಹಾವಿನ ವಿಷಯದಲ್ಲಿ ಕಲಿತದ್ದನ್ನೇ ಅಕ್ಕ ಇಲ್ಲಿಗೂ ತಂದರು, ನಾನು ಹೇಳಬೇಕಾಗಲಿಲ್ಲ. ಖಾಲಿ ಅನ್ನುವ ಬದಲು ಅಲ್ಲಿ ಏನಿದೆ ಅಂತ ಬರೆದರು: ಸುಣ್ಣ ಬಳಿದ ಗಿಡ್ಡ ಗೋಡೆ. ಕೊನೆಗೆ ನೋಟುಬುಕ್ಕಿನಲ್ಲಿ ನಿಂತ ಮಾತು ಇದು:

"ಉದ್ದನೆಯ ಫೋಟೊ, ಅಗಲಕ್ಕಿಂತ ಎತ್ತರ ಒಂದೂವರೆ ಪಟ್ಟು. ಮಳೆ ನಿಂತ ಮೇಲಿನ ಮೋಡದ ಬೆಳಕು, ಮೆತ್ತನೆ ನೆರಳು. ಹಳ್ಳಿಯ ಮನೆಯ ಒದ್ದೆ ಮಣ್ಣಿನ ಅಂಗಳ, ಒಂದು ದೊಡ್ಡ ಬೇವಿನ ಮರ. ಅದರ ಒಂದೇ ದಪ್ಪ ಟೊಂಗೆಗೆ ಎರಡು ಹಗ್ಗ ಗಂಟು ಹಾಕಿ ಕಟ್ಟಿದ ಜೋಕಾಲಿ, ಕೂರಲು ಮರದ ಹಲಗೆ. ಹಲಗೆಯ ಮೇಲೆ ಕೂತ ಹೆಂಗಸು, ಪೂರ್ತಿ ಹಿಂದಿನಿಂದ ಕಾಣುತ್ತಾಳೆ. ದಟ್ಟ ಹಸಿರು ಹತ್ತಿ ಸೀರೆ, ಮಂಕು ಮೈ, ತೆಳು ಕಪ್ಪು ಗೆರೆಯ ಸಣ್ಣ ಚೌಕಡಿ, ಅಂಗೈ ಅಗಲದ ಕಡುಗೆಂಪು ದಡಿ. ಕೆಂಪು ಸೆರಗು ತಲೆಯ ಮೇಲಿಂದ ಬೆನ್ನು ಮುಚ್ಚಿ ಸೊಂಟದವರೆಗೆ ಇಳಿದಿದೆ, ತುದಿಯಲ್ಲಿ ಬಿಳಿ ಗರಗಸದ ಹಲ್ಲಿನಂಥ ಸಾಲು. ಚಿತ್ರದ ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಸುಣ್ಣ ಬಳಿದ ಬಿಳಿ ಗೋಡೆ, ನಯವಾಗಿ, ಒಂದೇ ಬಣ್ಣ."

ಚೆಂದ, ಸುಂದರ, ಹಬ್ಬದ ಕಳೆ, ಸಾಂಪ್ರದಾಯಿಕ, ಯಾವ ಮಾತೂ ಇದರಲ್ಲಿ ಇಲ್ಲ. ಪ್ರತಿ ಮಾತನ್ನೂ ಬಂದ ಚಿತ್ರದ ಮೇಲೆ ಬೆರಳಿಟ್ಟು "ಇದೆ" ಅಥವಾ "ಇಲ್ಲ" ಅನ್ನಬಹುದು. ಅಕ್ಕ ಪರೀಕ್ಷೆ ಮಾಡಿದ್ದೂ ಹಾಗೆಯೇ, ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಾ.

ಕುಪ್ಪಸವನ್ನು ಡಮ್ಮಿಗೆ ತೊಡಿಸಿ, ಹಿಂದೆ ಬಿಳಿ ಲೈನಿಂಗ್ ಬಟ್ಟೆ ಕಟ್ಟಿ, ಬಾಗಿಲ ಬೆಳಕಿನಲ್ಲಿ ಫೋಟೊ ತೆಗೆದರು. ಆ ದಿನವೂ ಮೋಡ ಇತ್ತು, ಹಾಗಾಗಿ ಎರಡು ಚಿತ್ರದ ಬೆಳಕು ಒಂದಕ್ಕೊಂದು ಹೊಂದಿಕೊಂಡಿತು. ಬಿಸಿಲಲ್ಲಿ ತೆಗೆದಿದ್ದರೆ ಅಂಟಿಸಿದ್ದು ಕೂಡಲೇ ಗೊತ್ತಾಗುತ್ತಿತ್ತು. ಸುತ್ತಲಿನ ಬಿಳಿ ತೆಗೆದು ಗೋಡೆಯ ಮುಂದೆ ಕೂರಿಸಿದೆ. ಅಕ್ಷರಗಳನ್ನು ಯುನಿಕೋಡ್ ಫಾಂಟಿನಲ್ಲಿ ನಾನೇ ಹಾಕಿದೆ. ಈಗಿನ ಕೆಲವು ಆ್ಯಪ್‌ಗಳು ಒಂದೆರಡು ಕನ್ನಡ ಪದ ಸರಿಯಾಗಿ ಬರೆಯುತ್ತವೆ, ಆದರೆ ಒತ್ತಕ್ಷರದಲ್ಲಿ ಎಡವುತ್ತವೆ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಬರುವ ಗಿರಾಕಿ ಬೇರೆ ಯಾರಿಗೋ ಫೋನ್ ಮಾಡುತ್ತಾರೆ. ಆ ಅಪಾಯಕ್ಕೆ ಕೈ ಹಾಕುವುದೇ ಬೇಡ.

ಪ್ರಿಂಟಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇದರಲ್ಲಿ ಜನ ಮೋಸ ಹೋಗುತ್ತಾರೆ. ಆ್ಯಪ್ ಕೊಟ್ಟ ಚಿತ್ರ 1024 ಕ್ಕೆ 1536 ಪಿಕ್ಸೆಲ್. ಎ3 ಹಾಳೆಯ ಅಗಲ 297 ಮಿಲಿಮೀಟರ್, ಅಂದರೆ ಸುಮಾರು 11.7 ಇಂಚು. ಒಂದು ಇಂಚಿಗೆ ಸುಮಾರು 88 ಪಿಕ್ಸೆಲ್ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ 300 ಬೇಕು. ಬಾಗಿಲಿನ ಪೋಸ್ಟರನ್ನು ನಾಲ್ಕು ಹೆಜ್ಜೆ ದೂರದಿಂದ ನೋಡುತ್ತಾರೆ, ಹಾಗಾಗಿ ಮರ, ಮೋಡ ಸ್ವಲ್ಪ ಮೆತ್ತಗೆ ಕಂಡರೂ ನಡೆಯುತ್ತದೆ. ಹಿಗ್ಗಿಸುವ ಆ್ಯಪ್ ಬಳಸಿದರೆ ಚೂಪಾಗುತ್ತದೆ, ಆದರೆ ಅದು ಇಲ್ಲದ ನೇಯ್ಗೆಯನ್ನು ತಾನೇ ಊಹಿಸಿ ತುಂಬುತ್ತದೆ. ಅದಕ್ಕೇ ಹಿನ್ನೆಲೆಯನ್ನು ಮಾತ್ರ ಹಿಗ್ಗಿಸಿದೆ. ಕುಪ್ಪಸ ಫೋನಿನ ಕ್ಯಾಮೆರಾದ ಪೂರ್ತಿ ಅಳತೆಯದ್ದು, ಅಕ್ಷರ ಫಾಂಟಿನದ್ದು, ಎರಡೂ ಹತ್ತಿರದಿಂದ ನೋಡಿದರೂ ಚೂಪಾಗಿವೆ. ಸೀರೆಯ ಹಸಿರು ಪರದೆಯಲ್ಲಿ ಇದ್ದಷ್ಟು ಗಾಢವಾಗಿ ಕಾಗದದ ಮೇಲೆ ಬರಲಿಲ್ಲ. ಪ್ರಿಂಟರಿನ ಶಾಯಿಗೆ ಪರದೆಯ ಎಲ್ಲ ಬಣ್ಣ ಸಿಗುವುದಿಲ್ಲ. ಮೊದಲು ಎ4ನಲ್ಲಿ ಒಂದು ತೆಗೆದು, ಕುಪ್ಪಸದ ಬಣ್ಣವನ್ನು ನಿಜವಾದ ಖಣದ ಪಕ್ಕ ಇಟ್ಟು ತಿದ್ದಿ, ಆಮೇಲೆ ಎ3 ತೆಗೆದೆವು.

ಪೋಸ್ಟರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಹಾಕಿಸಿದ್ದು ಅಕ್ಕನೇ: "ಕುಪ್ಪಸ ನಮ್ಮ ಅಂಗಡಿಯಲ್ಲಿ ಹೊಲಿದದ್ದು, ಹಿನ್ನೆಲೆಯ ಚಿತ್ರ ಕಂಪ್ಯೂಟರ್‌ನಲ್ಲಿ ಮಾಡಿದ್ದು." ಸೆರಗಿನ ಹಲ್ಲುಗಳು ಕೊನೆಯವರೆಗೂ ಒಂದೇ ಸಮ ಬರಲಿಲ್ಲ. ಮುಂದಿನ ಸಲ ಮದುವೆ ಸೀಸನ್ನಿಗೆ ಮಾಡುವಾಗ ಸೀರೆಯನ್ನೂ ನಿಜವಾದ ಫೋಟೊದಿಂದಲೇ ತಗೊಳ್ಳೋಣ, ಆ್ಯಪ್‌ಗೆ ಚಪ್ಪರ ಮತ್ತು ಗೋಡೆ ಮಾತ್ರ ಬಿಡೋಣ ಅಂತ ಅಕ್ಕ ಈಗಲೇ ಅದೇ ನೋಟುಬುಕ್ಕಿನ ಹೊಸ ಪುಟದಲ್ಲಿ ಬರೆದಿಟ್ಟಿದ್ದಾರೆ.